ಸೊನ್ನೆ ಸೋರಿಕೆಯ ಸರದಾರರು

ನಮ್ಮ ಆಫೀಸಿನಲ್ಲಿ ಪರಿಸರದ ಮೇಲೆ ಅತಿ ಹೆಚ್ಚು ಪ್ರೀತಿ ಇದ್ದವರು ಡ್ಯಾರೆಲ್ ಸರ್. ಆ ಪ್ರೀತಿ ಅವರ ಕ್ಯಾಬಿನ್ನಿನ ಗೋಡೆಯ ಮೇಲೆ, ಪ್ಲಾಸ್ಟಿಕ್ ಬಳ್ಳಿಯಾಗಿ ಹಬ್ಬಿತ್ತು. ಹೊರಗೆ ದೋಹಾ ಕಾದ ಕಾವಲಿಯಂತಿದ್ದರೆ ಅವರು ಒಳಗೆ ಏಸಿಯನ್ನು ಹದಿನೆಂಟಕ್ಕಿಟ್ಟು, ಸ್ವೆಟರ್ ಹಾಕಿಕೊಂಡು, ಭೂಮಿ ಬಿಸಿಯಾಗುತ್ತಿರುವುದರ ಬಗ್ಗೆ ಮರುಗುತ್ತಿದ್ದರು. ನಾನು ಲತೇಶ, ಅವರ ಕೈಕೆಳಗೆ ಏಸಿ ಪೈಪುಗಳ ಡ್ರಾಯಿಂಗ್ ಎಳೆಯುವವನು. ಅವರನ್ನು ಕಂಡರೆ ನನಗೆ ಆಗುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಹೇಳಬೇಕಾಗಿರುವುದು ಸಿಸಿಲಿಯಕ್ಕನ ಬಗ್ಗೆ. ಶಿರ್ವದ ಹೆಂಗಸು, ಗಂಡ ಥಿಯೋಡೋರ್ ಮೆಸಯೀದಿನ ಕಾರ್ಖಾನೆಯಲ್ಲಿ ಟೆಕ್ನೀಷಿಯನ್, ಮನೆ ಅಲ್ ವಕ್ರಾದಲ್ಲಿ. ನಮ್ಮಲ್ಲಿ ಟೈಪಿಂಗಿಗೆ ಸೇರಿದವಳು ಎಲ್ಲರೂ ಕರಕ್ ಚಹಾ ಕುಡಿಯುತ್ತ ಹರಟುವ ಹೊತ್ತಿನಲ್ಲಿ ಓದಿ, ಪರೀಕ್ಷೆ ಬರೆದು, ಕಟ್ಟಡಗಳ ಕಾರ್ಬನ್ ಲೆಕ್ಕ ಹಾಕುವವಳಾದಳು. ಕರೆಂಟಿನದೊಂದೇ ಅಲ್ಲ, ಇಡೀ ಆಯುಷ್ಯದ ಲೆಕ್ಕ. ಏಸಿಯ ಕಬ್ಬಿಣ, ತಾಮ್ರ, ಅಲ್ಯೂಮಿನಿಯಂ ತಯಾರಿಸಿ ಇಲ್ಲಿಗೆ ತಂದು ಕೂರಿಸುವಾಗ ಎಷ್ಟು ಹೊಗೆ ಎದ್ದಿತು, ಬಳಸುವಾಗ ಎಷ್ಟು, ಕೊನೆಗೆ ಕಿತ್ತು ಬಿಸಾಡುವಾಗ ಎಷ್ಟು ಎಂಬುದೆಲ್ಲ ಅದರಲ್ಲಿ ಬರುತ್ತದೆ. ಏಸಿಯೊಳಗೆ ಓಡುವ ಗ್ಯಾಸ್ ವರ್ಷವರ್ಷ ಸೋರುವುದೂ ಬರಬೇಕು. ಡ್ಯಾರೆಲ್ ಸರ್‌ಗೆ ಬೇಡವಾದದ್ದು ಇದೊಂದೇ.

ಕೆಲಸ ದೋಹಾ ಅಲ್ ಜದೀದಾ ಎಂಬ ಬಡಾವಣೆಯ ಒಂದು ಹೊಸ ಕಟ್ಟಡದ್ದು. ಮಾಲೀಕರಿಗೆ ಕಡಿಮೆ ಕಾರ್ಬನ್ನಿನ ಕಟ್ಟಡ ಬೇಕಿತ್ತು. ನಮ್ಮ ಮುಂದೆ ಎರಡು ದಾರಿಗಳಿದ್ದವು. ಒಂದು, ತಾರಸಿಯ ಮೇಲೆ ನೀರು ತಣಿಸುವ ಯಂತ್ರ, ಅಂದರೆ ಚಿಲ್ಲರ್, ಇಟ್ಟು ಆ ತಣ್ಣೀರನ್ನು ಪೈಪಿನಲ್ಲಿ ಕೋಣೆಕೋಣೆಗೆ ಹರಿಸುವುದು. ಇದಕ್ಕೆ ಕಬ್ಬಿಣ ಜಾಸ್ತಿ, ಗ್ಯಾಸ್ ಕಡಿಮೆ. ಆ ಗ್ಯಾಸೂ ಫ್ಯಾಕ್ಟರಿಯಲ್ಲೇ ಮುಚ್ಚಿ ಬಂದ ಯಂತ್ರದೊಳಗೇ ಇರುತ್ತದೆ. ಇನ್ನೊಂದು, ಗ್ಯಾಸನ್ನೇ ತಾಮ್ರದ ಪೈಪಿನಲ್ಲಿ ಕಟ್ಟಡದ ತುಂಬ ಓಡಿಸುವುದು. ಅದಕ್ಕೆ ಕಬ್ಬಿಣ ಕಡಿಮೆ, ಗ್ಯಾಸ್ ನಾನೂರು ಕಿಲೋ, ಸೈಟಿನಲ್ಲೇ ಬೆಸೆದ ಜಾಯಿಂಟುಗಳು ನೂರಾರು. ಆ ಗ್ಯಾಸ್ ಒಂದು ಕಿಲೋ ಸೋರಿದರೆ ಎರಡು ಟನ್ನಿಗೂ ಹೆಚ್ಚು ಕಾರ್ಬನ್ ಡೈಆಕ್ಸೈಡ್ ಬಿಟ್ಟ ಹಾಗೆ. ಎರಡನ್ನೂ ಮಾಡಿಕೊಡುವವರಾದರೂ ಡ್ಯಾರೆಲ್ ಸರ್‌ಗೆ ಲಾಭ ಎರಡನೆಯದರಲ್ಲೇ. ಆದ್ದರಿಂದ ಭೂಮಿಗೆ ಒಳ್ಳೆಯದೂ ಎರಡನೆಯದೇ ಆಗಬೇಕಿತ್ತು!

ಸಿಸಿಲಿಯಕ್ಕ ಈ ಲೆಕ್ಕದ ಮಾರ್ಗದರ್ಶಿಯಲ್ಲಿ ಹೇಳಿದಂತೆ ಎರಡನೆಯದಕ್ಕೆ ವರ್ಷಕ್ಕೆ ಶೇಕಡಾ ನಾಲ್ಕು ಸೋರಿಕೆ ಹಾಕಿದ್ದಳು. ಇಪ್ಪತ್ತು ವರ್ಷಕ್ಕೆ ಅದೇ ಆರುನೂರ ಅರುವತ್ತು ಟನ್ ದಾಟಿತು. ಕಬ್ಬಿಣ ತಾಮ್ರ ಎಲ್ಲ ಸೇರಿದರೂ ಮುನ್ನೂರು. ಕರೆಂಟು ಎರಡು ದಾರಿಗೂ ಹೆಚ್ಚುಕಡಿಮೆ ಒಂದೇ. ಡ್ಯಾರೆಲ್ ಸರ್ ಅವಳನ್ನು ಕ್ಯಾಬಿನ್ನಿಗೆ ಕರೆಸಿದರು. ನಾನೂ ಡ್ರಾಯಿಂಗ್ ಹಿಡಿದುಕೊಂಡು ಅಲ್ಲೇ ನಿಂತಿದ್ದೆ.

"ಇದು ಎಂತ ಸಿಸಿಲಿಯಾ? ನಾಲ್ಕು ಎಲ್ಲಿಂದ ಬಂತು? ನಮ್ಮ ಸಿಸ್ಟಮ್ ಸೋರ್ಲಿಕ್ಕಿಲ್ಲ. ಸೊನ್ನೆ ಹಾಕಿ."

"ಸೊನ್ನೆ ಹಾಕ್ಲಿಕ್ಕೆ ಆಗುದಿಲ್ಲ ಸರ್. ಎಲ್ಲ ಸಿಸ್ಟಮೂ ಸ್ವಲ್ಪ ಸೋರ್ತದೆ. ಕೊನೆಗೆ ತೆಗೆಯುವಾಗ್ಲೂ ಸ್ವಲ್ಪ ಹೋಗ್ತದೆ."

"ಕಣ್ಣಿಗೆ ಕಾಣ್ತದಾ? ಕ್ರೇನಲ್ಲಿ ಎತ್ತಲಿಕ್ಕೆ ಆಗ್ತದಾ? ಕಾಣದ್ದಕ್ಕೆ ಯಾಕೆ ಲೆಕ್ಕ? ಗುರುವಾರ ಮೀಟಿಂಗ್ ಉಂಟು. ಸೊನ್ನೆ ಹಾಕಿ, ಸಹಿ ಮಾಡಿ ತನ್ನಿ. ಆಗ್ಲಿಕ್ಕಿಲ್ಲ ಅಂತಾದ್ರೆ ಬೇರೆ ಆಫೀಸು ನೋಡ್ಕೊಳ್ಳಿ. ಖಲಾಸ್."

ಪ್ರತಿ ಭಾನುವಾರ ಮನೆಯಲ್ಲಿ ಕಾಣದ ದೇವರಿಗೆ ಮೇಣದಬತ್ತಿ ಹಚ್ಚುವ ಮನುಷ್ಯ ಹೀಗೆ ಹೇಳಿದ್ದು ಕೇಳಿ ನನಗೆ ನಗು ತಡೆಯಲಿಲ್ಲ. ಕೆಮ್ಮಿದ ಹಾಗೆ ಮಾಡಿದೆ. ಸಿಸಿಲಿಯಕ್ಕ ನಗಲಿಲ್ಲ. ಥಿಯೋಡೋರನ ಗುತ್ತಿಗೆ ಮುಂದುವರಿಯುವುದೋ ಇಲ್ಲವೋ ಎಂಬ ಕಾಲ. ಅವಳ ಕೆಲಸವೂ ಹೋದರೆ ಮಗಳ ಶಾಲೆ ಬಿಡಿಸಿ ಸಂಸಾರವನ್ನೇ ಊರಿಗೆ ಹೊತ್ತುಕೊಂಡು ಹೋಗಬೇಕು.

"ಒಂದು ಸೊನ್ನೆ ಅಲ್ವಾ ಅಕ್ಕ, ಹಾಕಿ ಬಿಡಿ," ಎಂದೆ ಆಮೇಲೆ.

"ನನ್ನ ಹೆಸರಿನ ಮೇಲೆ ಬೇಡ ಲತೇಶ್," ಎಂದಳು. ಕಣ್ಣು ಕೆಂಪಾಗಿತ್ತು. "ಹೆದರಿಕೆ ಆಗ್ತದೆ. ಆದ್ರೂ ಬೇಡ."

ಗುರುವಾರ ಮಾಲೀಕರ ಕಡೆಯಿಂದ ಕಟ್ಟಡದ ಮ್ಯಾನೇಜರ್ ಜಲೀಲ್ ಭಾಯ್ ಬಂದರು. ಉಳ್ಳಾಲದವರು, ನಮ್ಮೆಲ್ಲರ ಹಾಗೆ ಕರಾವಳಿಯವರೇ, ಮನೆಮಾತು ಬ್ಯಾರಿ. ಸಿಸಿಲಿಯಕ್ಕನದು ಕೊಂಕಣಿ, ನನ್ನದು ತುಳು. ಹಾಗಾಗಿ ಮೀಟಿಂಗ್ ಕನ್ನಡದಲ್ಲೇ ನಡೆಯಿತು. ಲೆಕ್ಕದ ಹಾಳೆ ಗೋಡೆಯ ಪರದೆಯ ಮೇಲಿತ್ತು, ಪಕ್ಕದಲ್ಲಿ ಎರಡು ದಾರಿಗೂ ಒಂದೊಂದು ಕಂಬದ ನಕ್ಷೆ. ಸೋರಿಕೆಯ ಜಾಗವನ್ನು ಸಿಸಿಲಿಯಕ್ಕ ಖಾಲಿ ಬಿಟ್ಟಿದ್ದಳು. ನಾಲ್ಕೂ ಇಲ್ಲ, ಸೊನ್ನೆಯೂ ಇಲ್ಲ. ಖಾಲಿ ಇದ್ದರೆ ಕಂಪ್ಯೂಟರಿಗೆ ಸೊನ್ನೆಯೇ ಲೆಕ್ಕ. ಡ್ಯಾರೆಲ್ ಸರ್ ಆ ಖಾಲಿಯನ್ನು ಶರಣಾಗತಿ ಎಂದುಕೊಂಡು ಅರಳಿದರು.

"ನೋಡಿ ಜಲೀಲ್ ಭಾಯ್, ನಮ್ಮದು ಮುನ್ನೂರು ಟನ್, ಚಿಲ್ಲರ್‌ದು ನಾನೂರ ಅರುವತ್ತು. ಎಷ್ಟು ಕಬ್ಬಿಣ ಉಳಿಸಿದ್ದೇವೆ!"

ಜಲೀಲ್ ಭಾಯ್ ತಲೆದೂಗಿದರು. ಮಾತು ಅಲ್ಲಿಗೇ ನಿಂತಿದ್ದರೆ ಡ್ಯಾರೆಲ್ ಸರ್ ಗೆದ್ದಿದ್ದರು. ಆದರೆ ಬಾಯಿ ಮುಚ್ಚಿ ಕೂರುವ ಜಾಯಮಾನ ಅವರದಲ್ಲ. ಯಂತ್ರ ಮಾರಿದ ಮೇಲೆ ವರ್ಷವರ್ಷದ ಸರ್ವೀಸನ್ನೂ ಮಾರಬೇಕಲ್ಲ.

"ಸರ್ವೀಸ್ ಕೂಡ ನಮಗೇ ಕೊಡಿ. ನೀವು ನಮ್ಮ ಊರಿನವರು, ನಿಮಗೆ ಸ್ಪೆಷಲ್. ಪ್ರತಿ ಬೇಸಿಗೆಗೆ ಮೊದ್ಲು ಗ್ಯಾಸ್ ಟಾಪ್-ಅಪ್ ಫ್ರೀ!"

ನನ್ನ ಪೆನ್ನು ಕೈಯಲ್ಲೇ ನಿಂತಿತು. ಗಲ್ಫಿನಲ್ಲಿ ಏಸಿಯವರೆಲ್ಲ ಮಾಡುವ ತಪ್ಪು ಇದೇ. ಕಾರಿಗೆ ಪೆಟ್ರೋಲ್ ಹಾಕಿದ ಹಾಗೆ ಏಸಿಗೆ ಪ್ರತಿವರ್ಷ ಗ್ಯಾಸ್ ಹಾಕಬೇಕೆಂದು ನಂಬಿದ್ದಾರೆ. ಏಸಿ ಗ್ಯಾಸನ್ನು ಕುಡಿಯುವುದಿಲ್ಲ ಮಾರಾಯರೇ. ತುಂಬಬೇಕಾಗಿ ಬಂತೆಂದರೆ ಅದು ಸೋರಿದೆ ಎಂದೇ ಅರ್ಥ.

ಸಿಸಿಲಿಯಕ್ಕ ತಲೆ ಎತ್ತಿದಳು. "ಸರ್, ವರ್ಷಕ್ಕೆ ಎಷ್ಟು ಫ್ರೀ?"

ಉದಾರಿ ಡ್ಯಾರೆಲ್ ಸರ್ ಕೈ ಬೀಸಿದರು. "ಹತ್ತು ಪರ್ಸೆಂಟ್ ಹಾಕಿ! ನಲ್ವತ್ತು ಕಿಲೋ. ಯಾರೂ ಇಷ್ಟು ಕೊಡುದಿಲ್ಲ."

"ಹಾಕ್ತೇನೆ ಸರ್," ಎಂದು ಅವಳು ಆ ಖಾಲಿ ಜಾಗದಲ್ಲಿ ಹತ್ತು ಎಂದು ಒತ್ತಿದಳು.

ಪರದೆಯ ಮೇಲೆ ಎರಡನೆಯ ದಾರಿಯ ಕಂಬ ಚಾವಣಿ ಮುಟ್ಟುವ ಹಾಗೆ ಎದ್ದಿತು. ಸೋರಿಕೆಯೊಂದೇ ಸಾವಿರದ ಆರುನೂರ ಎಪ್ಪತ್ತು ಟನ್. ಡ್ಯಾರೆಲ್ ಸರ್ ಹೆಮ್ಮೆಪಟ್ಟ ಕಬ್ಬಿಣದ ಉಳಿತಾಯ ಅದರ ಬುಡದಲ್ಲಿ ಕಾಣದಷ್ಟು ಸಣ್ಣದಾಯಿತು.

"ಏ, ಅದು ಅಲ್ಲಿಗಲ್ಲ! ಸಿಸ್ಟಮ್ ಸೋರ್ಲಿಕ್ಕಿಲ್ಲ!"

ಜಲೀಲ್ ಭಾಯ್ ಚಹಾ ಕೆಳಗಿಟ್ಟರು. "ಸೋರ್ಲಿಕ್ಕಿಲ್ಲ ಅಂತಾದ್ರೆ ವರ್ಷಕ್ಕೆ ನಲ್ವತ್ತು ಕಿಲೋ ಎಲ್ಲಿಗೆ ತುಂಬುದು ಡ್ಯಾರೆಲ್?"

"ಅದು... ಹಾಗಾದ್ರೆ ಫ್ರೀ ಗ್ಯಾಸ್ ಕ್ಯಾನ್ಸಲ್."

"ಕ್ಯಾನ್ಸಲ್ ಮಾಡಿದ್ರೆ ಸೋರುದು ನಿಲ್ತದಾ?"

ಸ್ವೆಟರಿನೊಳಗೆ ಡ್ಯಾರೆಲ್ ಸರ್ ಬೆವರಿದರು. ಅಷ್ಟು ಚಳಿಯಲ್ಲಿ ಒಬ್ಬ ಮನುಷ್ಯ ಬೆವರಿದ್ದನ್ನು ನಾನು ಕತಾರಿನಲ್ಲಿ ನೋಡಿದ್ದು ಅದೇ ಮೊದಲು, ಮತ್ತು ತುಂಬ ಖುಷಿಪಟ್ಟೆ. ಮೊದಲೇ ನಾಲ್ಕಕ್ಕೆ ಒಪ್ಪಿದ್ದರೆ ಸ್ವಲ್ಪವಾದರೂ ಮಾನ ಉಳಿಯುತ್ತಿತ್ತು.

ಜಲೀಲ್ ಭಾಯ್ ಎದ್ದರು. "ನೀರಿನ ಸಿಸ್ಟಮೇ ಮಾಡಿ. ನೀರು ಸೋರಿದ್ರೆ ತಲೆ ಮೇಲೆ ಬೀಳ್ತದೆ, ಗೊತ್ತಾಗ್ತದೆ. ಮತ್ತೆ, ಮೇಡಂ, ರಿಪೋರ್ಟಿಗೆ ನಿಮ್ಮ ಸಹಿಯೇ ಬೇಕು. ಬೇರೆಯವ್ರದ್ದು ಬಂದ್ರೆ ನಾನು ತಗೊಳ್ಳುದಿಲ್ಲ."

ಅವಳನ್ನು ಕಳಿಸುವ ಮಾತು ಅಲ್ಲಿಗೆ ಮುಗಿಯಿತು. ಕಟ್ಟಡ ಬೇಕಾದರೆ ಅವಳೂ ಬೇಕು. ಮಾರನೆಯ ವಾರವೇ ಡ್ಯಾರೆಲ್ ಸರ್ ಬಂದವರಿಗೆಲ್ಲ, "ಸೋರಿಕೆಯ ವಿಷಯ ಮೊದ್ಲು ಎತ್ತಿದ್ದೇ ನಾವು," ಎಂದು ಹೇಳತೊಡಗಿದರು.

ರಿಪೋರ್ಟು ಸಹಿಗೆ ಅವರ ಮೇಜಿಗೆ ಹೋದಾಗ ಪುಟ ತಿರುಗಿಸಿದವನು ನಾನೇ. ಕೈಬಿಟ್ಟ ದಾರಿಯನ್ನೂ ಕಾರಣ ಸಮೇತ ಅದರಲ್ಲಿ ತೋರಿಸಬೇಕು, ಪ್ರತಿ ಅಂಕಿಗೂ ಅದು ಎಲ್ಲಿಂದ ಬಂತೆಂದು ಬರೆಯಬೇಕು. ತಾಮ್ರಕ್ಕೆ ತಯಾರಕರ ದಾಖಲೆ, ಸಾಗಣೆಗೆ ಬಂದರಿನ ದೂರ. ಸೋರಿಕೆ, ಶೇಕಡಾ ಹತ್ತು. ಅದರ ಮುಂದೆ ಸಿಸಿಲಿಯಕ್ಕ ನೀಟಾಗಿ ಟೈಪು ಮಾಡಿದ್ದಳು: ಆಧಾರ, ಶ್ರೀ ಡ್ಯಾರೆಲ್, ಸಭೆಯಲ್ಲಿ ಸ್ವತಃ ಹೇಳಿದ್ದು.

ಅವರು ಅದನ್ನು ಎರಡು ಸಲ ಓದಿದರು. ಆಮೇಲೆ ಸಿಸಿಲಿಯಕ್ಕನ ಸಹಿಯ ಕೆಳಗೆ ತಮ್ಮದನ್ನೂ ಹಾಕಿದರು.