ಅಮ್ಮನ ಎಲೆಗೆ ಕೂತವನು

ಶೇಷಣ್ಣನನ್ನು ಮೈಸೂರಿನ ನಮ್ಮ ಅಗ್ರಹಾರದಲ್ಲಿ ಯಾರೂ ಮದುವೆಗೆ ಕರೆಯುತ್ತಿರಲಿಲ್ಲ. ತಿಥಿ ಬಂದರೆ ಮಾತ್ರ ಎಲ್ಲರಿಗೂ ಅವನೇ ಬೇಕು. ಶ್ರಾದ್ಧದಲ್ಲಿ ಬ್ರಾಹ್ಮಣಾರ್ಥಕ್ಕೆ ಕೂರುವುದು, ಅಂದರೆ ಸತ್ತವರ ಸ್ಥಾನದಲ್ಲಿ ಎಲೆಯ ಮುಂದೆ ಕೂತು ಉಣ್ಣುವುದು, ಅವನ ಜೀವನೋಪಾಯ. ಊರಿನ ಅರ್ಧ ಜನರ ಅಪ್ಪ ಅಮ್ಮ ಆಗಿ ಉಂಡವನು ಎದುರಿಗೆ ಸಿಕ್ಕರೆ ಶಕುನ ಸರಿಯಿಲ್ಲ ಎಂದು ಬೀದಿ ದಾಟುವವರನ್ನು ನಾನೇ ನೋಡಿದ್ದೇನೆ. ಅಂಥವರ ಮನೆಯಲ್ಲೂ ನಾನು ಮಡಿಯಲ್ಲಿ ವಡೆ ಕರಿದಿದ್ದೇನೆ, ಏನು ಮಾಡೋದು, ಹೊಟ್ಟೆಪಾಡು.

ನಾನು ಶ್ರಾದ್ಧದ ಅಡುಗೆಯವಳು. ನಾಗೇಂದ್ರ ಅವಧಾನಿಗಳು ಮಂತ್ರಕ್ಕೆ, ನಾನು ಒಲೆಗೆ, ಶೇಷಣ್ಣ ಮತ್ತು ಕಿಟ್ಟಪ್ಪ ಎಲೆಗೆ. ಒಂದೇ ಕಾರಿನಲ್ಲಿ ಹೋಗಿ ಒಂದೇ ಕಾರಿನಲ್ಲಿ ಬರುವ ತಂಡ ನಮ್ಮದು.

ಅವತ್ತು ಅವಧಾನಿಗಳ ಜಗುಲಿಯಲ್ಲಿ ಶೇಷಣ್ಣ ದರ್ಭೆಯಿಂದ ಬೆರಳಿಗೆ ಹಾಕುವ ಪವಿತ್ರ ಕಟ್ಟುತ್ತಿದ್ದ. ನಂಜನಗೂಡಿನಿಂದ ಲಲಿತಮ್ಮ ಎಂಬುವರ ಫೋನು ಬಂತು. ಅವಧಾನಿಗಳಿಗೆ ಕಿವಿ ಮಂದ, ಫೋನನ್ನು ಜೋರಾಗಿಟ್ಟೇ ಮಾತಾಡುತ್ತಾರೆ.

"ನಮ್ಮತ್ತೆ ವೈದಿಕ ಸ್ವಾಮಿ, ವರ್ಷದ ತಿಥಿ. ಪುಷ್ಯ ಬಹುಳ ಪಂಚಮಿ. ಇಲ್ಲಿ ಮಾಡಿಸ್ತಿದ್ದ ಪುರೋಹಿತರಿಗೆ ಸೂತಕ ಬಂದ್ಬಿಟ್ಟಿದೆ. ನೀವೇ ಬ್ರಾಹ್ಮಣರನ್ನೂ ಕರ್ಕೊಂಡು ಬರ್ಬೇಕು."

"ಬರೋಣಮ್ಮ. ಗೋತ್ರ ಯಾವ್ದು?"

"ಭಾರದ್ವಾಜ. ನಮ್ಮನೆಯವ್ರ ಹೆಸ್ರು ಸದಾಶಿವಯ್ಯ. ಅತ್ತೆ ಹೆಸ್ರು ವೆಂಕಟಲಕ್ಷ್ಮಮ್ಮ."

ಅವಧಾನಿಗಳು ಈ ಕಡೆ ತಿರುಗಿದರು. ಶ್ರಾದ್ಧ ಮಾಡುವ ಕರ್ತೃವಿನ ಗೋತ್ರದವರನ್ನು ಎಲೆಗೆ ಕೂರಿಸುವಂತಿಲ್ಲ. "ಕಿಟ್ಟಪ್ಪ ಆತ್ರೇಯ. ಶೇಷಣ್ಣ, ನೀನು ಕಾಶ್ಯಪ ತಾನೆ?"

ಶೇಷಣ್ಣ ಕಟ್ಟುತ್ತಿದ್ದ ದರ್ಭೆಯ ಗಂಟು ಬಿಚ್ಚಿಹೋಯಿತು. "ಹೌದು," ಅಂದ.

"ಸರಿ. ನೋಡಿಮ್ಮ, ಪಂಚಮಿ ಅಪರಾಹ್ನಕ್ಕೆ ಇರೋದು ಗುರುವಾರ. ಹತ್ತು ಗಂಟೆಗೆ ನಾವಲ್ಲಿರ್ತೀವಿ. ಕರಿ ಎಳ್ಳು, ಜೇನುತುಪ್ಪ, ಹಸುವಿನ ಹಾಲು, ತುಪ್ಪ, ತುಳಸಿ, ಹೋಮಕ್ಕೆ ಬೆರಣಿ, ಬಾಳೆ ಎಲೆ, ಎರಡು ಜೊತೆ ಪಂಚೆ. ದರ್ಭೆ ನಾವು ತರ್ತೀವಿ. ತರಕಾರಿ ಬಾಳೆಕಾಯಿ, ಹಾಗಲಕಾಯಿ ಸಾಕು. ಕೋಸು ಗೀಸು ತಂದಿಡಬೇಡಿ, ಶ್ರಾದ್ಧಕ್ಕೆ ಆಗಲ್ಲ ಅಂತ ನಮ್ಮ ಅಡುಗೆ ಚೂಡಮ್ಮ ಎಸೆದುಬಿಡ್ತಾಳೆ. ಕಾರು ನೀವು ಕಳಿಸ್ತೀರೋ, ನಾವೇ ಮಾಡ್ಕೊಂಡು ಬರೋಣವೋ?"

"ನಾವೇ ಕಳಿಸ್ತೀವಿ. ಎಂಟೂವರೆಗೆ ನಿಮ್ಮನೆ ಮುಂದಿರತ್ತೆ."

ಸಂಜೆ ಶೇಷಣ್ಣ ನನ್ನ ಮನೆಗೆ ಬಂದ. ಕಾಫಿ ಕೊಟ್ಟರೆ ಲೋಟ ಹಿಡಿದುಕೊಂಡೇ ಕೂತ.

"ಚೂಡಕ್ಕ, ವೆಂಕಟಲಕ್ಷ್ಮಮ್ಮ ನನ್ನ ಹೆತ್ತಮ್ಮ."

ಇವನು ದತ್ತು ಹೋದವನೆಂದು ಗೊತ್ತಿತ್ತು. ಯಾರ ಮನೆಯಿಂದ ಬಂದವನೆಂದು ನಾನೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಮಕ್ಕಳಿಲ್ಲದ ಸೋದರಮಾವನಿಗೆ ಐದು ವರ್ಷದ ಹುಡುಗನನ್ನು ಧಾರೆ ಎರೆದು ಕೊಟ್ಟರು. ಗೋತ್ರ ಬದಲಾಯಿತು, ಹೆತ್ತವಳಿಗೆ ಪಿಂಡ ಇಡುವ ಹಕ್ಕು ಹೋಯಿತು. ಮಾವನ ಆಸ್ತಿ ಕೋರ್ಟಿನಲ್ಲಿ ಕರಗಿತು. ಇವನು ಬ್ರಾಹ್ಮಣಾರ್ಥಕ್ಕೆ ಕೂರಲು ಶುರುಮಾಡಿದ ಮೇಲೆ ಅಣ್ಣ ಸದಾಶಿವಯ್ಯ, ಮೇಷ್ಟ್ರಾಗಿದ್ದವನು, ಮುಖ ನೋಡುವುದನ್ನೇ ಬಿಟ್ಟ. ತಾಯಿ ಹೋದ ಸುದ್ದಿ ಕೂಡ ವೈಕುಂಠ ಸಮಾರಾಧನೆ ಮುಗಿದ ಮೇಲೆ ಬೇರೆ ಯಾರೋ ಹೇಳಿ ತಿಳಿದದ್ದು.

"ಅವಧಾನಿಗಳಿಗೆ ಹೇಳಿಬಿಡು. ಗೋತ್ರ ಬೇರೆ ಆದ್ರೂ ಒಡಹುಟ್ಟಿದವನು ಕೂರೋ ಹಾಗಿಲ್ಲ, ಅವರು ಒಪ್ಪಲ್ಲ," ಅಂದೆ.

"ಅದಕ್ಕೇ ಹೇಳಲ್ಲ. ಕಂಡೋರ ಅಮ್ಮಂದಿರ ಹೆಸ್ರಲ್ಲಿ ಎಷ್ಟು ಉಂಡಿದೀನಿ ಅಕ್ಕ. ನನ್ನಮ್ಮನಿಗೆ ಒಂದು ಕಾಳು ಎಳ್ಳು ಬಿಡಕ್ಕಾಗಲಿಲ್ಲ. ಅವಳ ಹೆಸ್ರಲ್ಲಿ ಒಂದ್ಸಲ ಉಂಡ್ರೂ ಸಾಕು."

ಶಾಸ್ತ್ರ ದೊಡ್ಡದಿರಬಹುದು, ಆದರೆ ಆ ಮುಖ ನೋಡಿದವರು ಯಾರು ತಾನೆ ಬೈಯುತ್ತಾರೆ?

ಗುರುವಾರ ನಾನು ಒಲೆ ಮುಂದಿದ್ದರೂ ಕಣ್ಣು ಅಂಗಳದಲ್ಲಿತ್ತು. ಸಗಣಿ ಸಾರಿಸಿದ ಮಂಡಲದ ಮೇಲೆ ಶೇಷಣ್ಣ ನಿಂತ. ಕಾಲು ತೊಳೆಯಲು ಕರ್ತೃ ಸದಾಶಿವಯ್ಯ ಬಗ್ಗಿದ, ಹೆಂಡತಿ ಚೊಂಬು ಹಿಡಿದಳು. ಲಲಿತಮ್ಮ ಅವನನ್ನು ಹಿಂದೆಂದೂ ನೋಡಿದವಳಲ್ಲ. ಸದಾಶಿವಯ್ಯ ಮಾತ್ರ ತಲೆ ಎತ್ತಿ ಮುಖ ನೋಡಿ, ಚಾಚಿದ ಕೈ ಹಿಂದಕ್ಕೆಳೆದುಕೊಂಡ.

"ಏನು, ಪರಿಚಯವೆ? ಸಂಬಂಧ ಗಿಂಬಂಧ ಇದ್ರೆ ಈಗಲೇ ಹೇಳ್ಬಿಡಿ," ಅಂದರು ಅವಧಾನಿಗಳು. "ಆ ಎಲೆಗೆ ಬ್ರಾಹ್ಮಣರ ಬದಲು ದರ್ಭೆ ಇಟ್ಟು ನಡೆಸೋಣ."

ಶೇಷಣ್ಣ ಕಣ್ಣು ಮುಚ್ಚಿಕೊಂಡಿದ್ದ.

"ಸಂಬಂಧ ಏನೂ ಇಲ್ಲ," ಅಂದ ಸದಾಶಿವಯ್ಯ. "ಲಲಿತಾ, ನೀರು ಹಾಕು."

ನನಗೆ ಮೈಯೆಲ್ಲಾ ಉರಿಯಿತು. ಅಣ್ಣನಾದವನು ಹೀಗನ್ನುವುದೇ? ಮತ್ತೆ ಯೋಚಿಸಿದರೆ, ಇದೆ ಅಂದಿದ್ದರೆ ಅವನನ್ನು ಆಚೆ ನಿಲ್ಲಿಸಿ ದರ್ಭೆ ಹುಲ್ಲು ಕೂರಿಸುತ್ತಿದ್ದರು. ತಮ್ಮನಿಗಾಗಿ ಅಂದನೋ, ಮರ್ಯಾದೆಗಾಗಿ ಅಂದನೋ, ಆ ಶಿವನಿಗೇ ಗೊತ್ತು. ತೊಳೆಯುವಾಗ ಕಾಲನ್ನು ಸ್ವಲ್ಪ ಹೆಚ್ಚೇ ಹೊತ್ತು ಹಿಡಿದಿದ್ದ, ಅದು ನನಗೆ ಕಂಡಿತು.

ಎಲೆಗೆ ಕೂತವರು ಮಾತಾಡುವಂತಿಲ್ಲ. ಕಿಟ್ಟಪ್ಪ ಎಂದಿನಂತೆ ವಡೆಗೆ ವಡೆ ಹಾಕಿಸಿಕೊಂಡ. ಶೇಷಣ್ಣ ತಲೆ ಬಗ್ಗಿಸಿಕೊಂಡು ಒಂದು ಅಗುಳೂ ಬಿಡದೆ ಉಂಡ. ಬಡಿಸುತ್ತಿದ್ದ ಸದಾಶಿವಯ್ಯ ಅವನ ಎಲೆಗೆ ಪಾಯಸ ಮತ್ತೆ ಮತ್ತೆ ಹಾಕಿದ.

ಊಟ ಮುಗಿದ ಮೇಲೆ ಕರ್ತೃ ಕೈಮುಗಿದು, ತೃಪ್ತಿಯಾಯಿತೆ ಎಂದು ಮಂತ್ರದಲ್ಲಿ ಕೇಳಬೇಕು. ಆಯಿತು ಎಂದು ಕೂತವರು ಹೇಳಬೇಕು. ಹೇಳದೆ ಮುಂದಿನದು ಸಾಗುವುದಿಲ್ಲ.

"ತೃಪ್ತಾಃ ಸ್ಥ," ಎಂದು ಸದಾಶಿವಯ್ಯ ಕೇಳಿದ.

ಕಿಟ್ಟಪ್ಪ ಥಟ್ಟನೆ ಹೇಳಿದ. ಶೇಷಣ್ಣನ ಬಾಯಿಂದ ಮಾತು ಹೊರಡಲಿಲ್ಲ. ಅವಧಾನಿಗಳು ಕೆಮ್ಮಿ ನೆನಪಿಸಿದರು. ಸದಾಶಿವಯ್ಯ ಇನ್ನೊಂದು ಸಲ ಕೇಳಿದ. ಶೇಷಣ್ಣನ ಕಣ್ಣೀರು ಬರಿದಾದ ಎಲೆಯ ಮೇಲೆ ಬೀಳುತ್ತಿತ್ತು.

ಸದಾಶಿವಯ್ಯ ಮಂಡಿಯೂರಿ ಅವನ ಎದುರಿಗೇ ಕೂತ.

"ಹೊಟ್ಟೆ ತುಂಬ್ತೇನೋ ಶೇಷು?"

"ತುಂಬ್ತು ಅಣ್ಣ."

ಅವಧಾನಿಗಳು ಮಂದ ಕಿವಿಯವರಾದರೂ ಇದು ಕೇಳಿಸಿತು. ಅವರು ಇಬ್ಬರನ್ನೂ ನೋಡಿದರು, ಮುಂದಿನ ಮಂತ್ರ ಎತ್ತಿಕೊಂಡರು.

ಬೀಳ್ಕೊಡುವಾಗ ಸದಾಶಿವಯ್ಯ ಕಾರಿನ ತನಕ ಬಂದ. "ಇನ್ನು ಹೀಗೆ ಬರಬೇಡ ಕಣೋ. ಮುಂದಿನ ವರ್ಷ ನಾನೇ ಕರೀತೀನಿ. ಮನೆಯವನಾಗಿ ಬಂದು ನಮ್ಮ ಜೊತೆ ಪಂಕ್ತೀಲಿ ಕೂತ್ಕೋ."

ದಾರಿಯಲ್ಲಿ ಅವಧಾನಿಗಳು ಒಂದೇ ಮಾತು ಅಂದರು: "ಈ ಪಾಪ ನನ್ನ ತಲೆಗೂ ಕಟ್ಟಿದೆಯಲ್ಲಯ್ಯ. ಆ ಮನೆ ಎಲೆಗೆ ಇನ್ನು ನಿನ್ನನ್ನ ಕರ್ಕೊಂಡು ಹೋಗೋ ಹಾಗಿಲ್ಲ." ಶೇಷಣ್ಣ ತಲೆಯಾಡಿಸಿದ. ಬೇರೆ ದಿನ ಆಗಿದ್ದರೆ ಹೆದರುತ್ತಿದ್ದ, ಅವತ್ತು ಅವನ ಮುಖ ಬೆಳಗುತ್ತಿತ್ತು. ಆ ವರ್ಷವೆಲ್ಲ ಅವನ ಬಾಯಲ್ಲಿ ಅಣ್ಣ ಕರೀತಾನೆ ಅನ್ನುವುದೇ ಮಾತು.

ಮರುವರ್ಷ ಪಂಚಮಿಗೆ ನಂಜನಗೂಡಿಗೆ ಅಡುಗೆಗೆ ನಾನು ಹೋಗಲಿಲ್ಲ. ಲಲಿತಮ್ಮ ಬೇರೆ ಪುರೋಹಿತರನ್ನು ಗೊತ್ತು ಮಾಡಿದ್ದರು. ಅಂದು ಎಲೆಗೆ ಕರೆದಿದ್ದ ಬೇರೆ ಎರಡು ಮನೆಯವರಿಗೂ ಶೇಷಣ್ಣ ಆಗುವುದಿಲ್ಲ ಎಂದಿದ್ದ. ಬೆಳಿಗ್ಗೆಯೇ ಮಿಂದು, ಒಗೆದ ಪಂಚೆ ಉಟ್ಟು, ಫೋನನ್ನು ಮುಂದಿಟ್ಟುಕೊಂಡು ನನ್ನ ಜಗುಲಿಯಲ್ಲಿ ಕೂತಿದ್ದ. ಮಧ್ಯಾಹ್ನ ಇಳಿಯಿತು. ನಾನು ತಟ್ಟೆಗೆ ಅನ್ನ, ಸಾರು ಬಡಿಸಿಕೊಂಡು ಬಂದೆ.

"ನೀನೇ ಫೋನ್ ಮಾಡಬಾರದಾಗಿತ್ತೇನೋ? ಅವನೇನು ಮಹಾರಾಜನಾ?" ಎಂದು ರೇಗಿದೆ. ಸಿಟ್ಟು ನನಗೆ ಎದುರಿಗೆ ಕೂತವನ ಮೇಲಿರಲಿಲ್ಲ.

ಶೇಷಣ್ಣ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ.

"ಮಾವನ ಗಾಡಿ ಹತ್ತಿಸುವಾಗ ಅಮ್ಮನೂ ಹೀಗೇ ಅಂದಿದ್ಲು ಚೂಡಕ್ಕ. ಹೋಗಿರು ಮಗಾ, ಕರೀತೀನಿ ಅಂತ," ಅಂದು, ಸಾರು ಕಲಸಿಕೊಂಡು ಉಣ್ಣತೊಡಗಿದ.