ನೂರು ಲೋಟ ಚಹಾ, ಒಂದು ದಿನದ ಹಾಲು

ಸಭೆಯೊಂದರಲ್ಲಿ ನಿಮ್ಮ ಕೈಗೆ ಬಂದ ಪುಟ್ಟ ಲೋಟದ ಚಹಾದಲ್ಲಿರುವ ಹಾಲು ಯಾರ ಪಾಲಿನದು ಎಂದು ನೀವು ಎಂದಾದರೂ ಕೇಳಿದ್ದೀರಾ? ಕೊಟ್ಟದ್ದನ್ನು ಪ್ರಶ್ನಿಸದೆ ಕುಡಿಯುವುದೇ ಮರ್ಯಾದೆ ಎಂದು ನಮಗೆ ಕಲಿಸಲಾಗಿದೆ. ಜಗಳೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಆ ಮರ್ಯಾದೆಯ ಭಾರವೆಲ್ಲ ಒಬ್ಬ ಹೆಂಗಸಿನ ತಲೆಯ ಮೇಲೆ ಬಿದ್ದದ್ದನ್ನು ನಾನು ಕಂಡಿದ್ದೇನೆ.

ಚಹಾದ ಅಳತೆ ನನಗೆ ಗೊತ್ತಾದದ್ದು ಕಾಲೇಜಿನಲ್ಲಿ. ನಮ್ಮ ಚರ್ಚಾಕೂಟದ ಸ್ಪರ್ಧೆಗಳಿಗೆ ಬಂದವರಿಗೆಲ್ಲ ನಾವೇ ಚಹಾ ಕಾಸಿ ಕೊಡುತ್ತಿದ್ದೆವು. ಕಾಗದದ ಪುಟ್ಟ ಲೋಟ ನೂರಾದರೆ ನಾಲ್ಕು ಲೀಟರ್ ಹಾಲು, ಮೂರು ಲೀಟರ್ ನೀರು, ನೂರೈವತ್ತು ಗ್ರಾಂ ಚಹಾ ಪುಡಿ, ಮುಕ್ಕಾಲು ಕಿಲೋಗೆ ಸ್ವಲ್ಪ ಕಡಿಮೆ ಸಕ್ಕರೆ. ಲೋಟಕ್ಕೆ ಅರವತ್ತು ಮಿಲಿಲೀಟರಿನಂತೆ ಕೊಡಬೇಕಾದದ್ದು ಆರು ಲೀಟರ್. ಉಳಿದ ಒಂದು ಲೀಟರ್ ಕುದಿಯುವಾಗ ಆವಿಯಾಗಿ ಹೋಗುತ್ತದೆ, ಸೋಸುವ ಬಟ್ಟೆಯ ಚರಟದಲ್ಲಿ ನಿಲ್ಲುತ್ತದೆ. ವಾದದ ವಿಷಯಗಳೆಷ್ಟೋ ಮರೆತುಹೋದವು. ಈ ಅಳತೆ ಮಾತ್ರ ಉಳಿಯಿತು, ಮತ್ತು ಬಹಳ ವರ್ಷಗಳ ಮೇಲೆ ಅದು ಒಂದು ವಿಚಾರಣೆಯ ಕೋಣೆಗೆ ನನ್ನೊಡನೆ ಬಂತು.

ಹೊನ್ನಾಳಿಯಲ್ಲಿ ಪಾಠ ಹೇಳಿಕೊಂಡಿದ್ದ ನಾನು ರಜೆಯ ದಿನಗಳಲ್ಲಿ ಹಳ್ಳಿಗಳಿಗೆ ಹೋಗಿ ಮಕ್ಕಳ ಆಹಾರದ ಬಗ್ಗೆ ಮಾತನಾಡುತ್ತಿದ್ದೆ. ಆ ಹಳ್ಳಿಯ ಅಂಗನವಾಡಿಯಲ್ಲಿ ತಾಯಂದಿರ ಸಭೆ ಇತ್ತು. ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಹೋದವನು ಬೇಗನೆ ತಲುಪಿ ಜಗುಲಿಯ ಮೇಲೆ ಕುಳಿತಿದ್ದೆ. ಟೀಚರ್ ಹೆರಿಗೆ ರಜೆಯಲ್ಲಿದ್ದರು. ಮಕ್ಕಳನ್ನು ಕರೆತರುವುದು, ಅಡುಗೆ, ಕಸ, ಪಾಠ ಎಲ್ಲವೂ ಸಹಾಯಕಿಯೊಬ್ಬರ ಕೈಯಲ್ಲೇ ಇತ್ತು. ಐವತ್ತರ ಹತ್ತಿರದ ವಿಧವೆ. ಅಂಗನವಾಡಿಯ ಗೌರವಧನದಲ್ಲೇ ಅವರ ಮನೆ ನಡೆಯುತ್ತಿತ್ತು.

ಪಂಚಾಯಿತಿ ಮೆಂಬರು ಬೈಕಿನಲ್ಲಿ ಬಂದು ಒಂದು ಚೀಲ ಇಳಿಸಿದರು.

"ಅಮ್ಮ, ನೂರು ಜನ ಆಗ್ತಾರೆ. ಟೀ ಪುಡಿ, ಸಕ್ರೆ, ಲೋಟ ಎಲ್ಲ ಇದ್ರಾಗ ಐತೆ. ಹಾಲೊಂದು ಇಲ್ಲೇ ನೋಡ್ಕಳ್ಳಮ್ಮ."

"ಈಗ ಹೇಳಿದ್ರೆ ಹೆಂಗ್ರಿ? ಡೈರಿ ಕ್ಯಾನು ಆಗ್ಲೇ ಹೋತು. ನಾಕು ಲೀಟ್ರು ಹಾಲು ಯಾರ ಮನ್ಯಾಗ ಇರ್ತೈತೆ?"

"ಅಂಗನವಾಡ್ಯಾಗೇ ಹಾಲಿಲ್ಲ ಅಂದ್ರೆ ಊರಾಗ ಎಲ್ಲಿಂದ ಬರ್ತೈತಮ್ಮ?" ಎಂದು ಮೆಂಬರು ನಕ್ಕರು. ನನ್ನತ್ತ ತಿರುಗಿ, "ಹೌದಲ್ರಿ ಸರ್?" ಎಂದರು. ಮತ್ತೆ ಅವರಿಗೆ, "ಹೊರಗಿನೋರು ಬರ್ತಾರೆ, ಊರ ಮಾನ ಕಳಿಬ್ಯಾಡ," ಎಂದು ಬೈಕು ತಿರುಗಿಸಿದರು.

ಆಕೆ ಎರಡು ಮನೆಗಳಿಗೆ ಹೋಗಿ ಬರಿಗೈಯಲ್ಲಿ ಬಂದರು. ಅಂಗಡಿಯಲ್ಲಿ ಪಾಕೀಟು ಹಾಲು ಬೆಳಿಗ್ಗೆಯೇ ಮುಗಿದಿತ್ತು. ಅವರು ಅಡುಗೆಕೋಣೆಯ ಒಳಗೆ ಹೋದರು. ಆಮೇಲೆ ನಾನು ಕೈ ತೊಳೆಯಲೆಂದು ಆ ಕಡೆ ಹೋದಾಗ ಒಲೆಯ ಮೇಲಿನ ದೊಡ್ಡ ಪಾತ್ರೆಯಲ್ಲಿ ಚಹಾ ಕಂಠದವರೆಗೆ ಏರಿ ಕುದಿಯುತ್ತಿತ್ತು. ಹಾಲು ಸಿಕ್ಕಿರಬೇಕೆಂದುಕೊಂಡೆ.

ಸಭೆಗೆ ಬಂದವರು ನಲವತ್ತು ಜನ. ಮೆಕ್ಕೆಜೋಳ ಮುರಿಯುವ ದಿನಗಳವು. ಕೂಲಿ ಬಿಟ್ಟು ಭಾಷಣಕ್ಕೆ ಯಾರು ಬರುತ್ತಾರೆ? ನಾನು ಎದ್ದು ಮಾತನಾಡಿದೆ. ಬೆಳೆಯುವ ಕೂಸಿಗೆ ದಿನಕ್ಕೊಂದು ಲೋಟ ಹಾಲು ಯಾರೂ ಕೊಡುವ ದಾನವಲ್ಲ, ಅದು ಅದರ ಪಾಲು ಎಂದೆ. ಮುಂದಿನ ಸಾಲಿನಲ್ಲಿ ಒಬ್ಬ ತಾಯಿ ಕಣ್ಣು ಕದಲಿಸದೆ ಕೇಳುತ್ತಿದ್ದಳು. ಅವಳ ಮಗಳು ಆ ಬೆಳಿಗ್ಗೆಯ ತೂಕದಲ್ಲಿ ವಯಸ್ಸಿಗೆ ತಕ್ಕಷ್ಟು ತೂಗಿರಲಿಲ್ಲ.

ಚಹಾ ಬಂತು. "ಇದೇನ್ರಿ ಮೆಂಬರೇ, ಒಂದು ಗುಟುಕು, ಟೀನೋ ತೀರ್ಥನೋ?" ಎಂದು ಒಬ್ಬ ಅಜ್ಜಿ ಲೋಟವನ್ನು ಎತ್ತಿ ತೋರಿಸಿದರು.

"ತೀರ್ಥನೇ ಅನ್ಕೋ ಅಜ್ಜಿ, ಸರ್ ಭಾಷಣ ಕೇಳಿದ್ದಕ್ಕೆ," ಎಂದರು ಮೆಂಬರು. ಎಲ್ಲರೂ ನಕ್ಕರು.

ಚಹಾದಲ್ಲಿ ಹಾಲಿನ ಪುಡಿಯ ಒಣ ಸಿಹಿ ಇತ್ತು. ಲೋಟದ ತಳದಲ್ಲಿ ಕರಗದ ಒಂದು ಬಿಳಿ ಕಣ. ಅದನ್ನು ನೋಡುತ್ತಿರುವಾಗಲೇ ಯಾರೋ ಬಸ್ಸಿನ ಹೊತ್ತಾಯಿತೆಂದರು. ನಾನು ಹೊರಟೆ.

ಒಂದು ವಾರದ ಮೇಲೆ ಆ ಸಹಾಯಕಿ ಫೋನು ಮಾಡಿದರು. "ಸರ್, ನೀವು ಅವತ್ತು ಪಾತ್ರೆ ನೋಡಿದ್ರಲ್ರಿ. ಬಂದು ಒಂದು ಮಾತು ಹೇಳ್ತೀರೇನ್ರಿ? ನಾನು ಹಾಲಿನ ಪುಡಿ ಕದ್ದು ಮನೀಗೆ ಒಯ್ದೆ ಅಂತಾರೆ."

ಆಗ ತಿಳಿಯಿತು. ಮಕ್ಕಳಿಗೆಂದು ಸರ್ಕಾರ ಕೊಡುವ ಹಾಲಿನ ಪುಡಿಯಲ್ಲಿ ಅಲ್ಲಿ ಉಳಿದಿದ್ದದ್ದು ಅರ್ಧ ಕಿಲೋದ ಒಂದೇ ಪೊಟ್ಟಣ. ಅದನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿದರೆ ನಾಲ್ಕು ಲೀಟರ್ ಹಾಲಾಗುತ್ತದೆ. ನೂರು ಲೋಟ ಚಹಾಕ್ಕೆ ಸರಿಯಾಗಿ ಬೇಕಾಗುವಷ್ಟು. ಆ ಅಂಗನವಾಡಿಯ ಮಕ್ಕಳೆಲ್ಲರಿಗೆ ಒಂದು ದಿನ ಕುಡಿಯಲು ಬೇಕಾಗುವಷ್ಟೂ ಹೌದು. ಸಭೆಯ ದಿನ ಮಕ್ಕಳು ಹಾಲಿಲ್ಲದೆ ಮನೆಗೆ ಹೋಗಿದ್ದರು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಆ ತಾಯಿಯೇ ದೂರು ಕೊಟ್ಟಿದ್ದಳು. ಪುಡಿ ಎಲ್ಲಿ ಹೋಯಿತೆಂದು ಲೆಕ್ಕ ಕೇಳುವಾಗ ಅದು ಕಳವಿನ ಆರೋಪವಾಗಿತ್ತು.

ವಿಚಾರಣೆ ಜಗಳೂರಿನಲ್ಲಿ, ಕಿಟಕಿಯ ಗಾಜಿಗೆ ಹಳೆಯ ಕ್ಯಾಲೆಂಡರ್ ಅಂಟಿಸಿದ್ದ ಒಂದು ಕೋಣೆಯಲ್ಲಿ ನಡೆಯಿತು. ಇಲಾಖೆಯ ಅಧಿಕಾರಿ ನಿಧಾನವಾಗಿ ಮಾತನಾಡುವ ಹೆಂಗಸು, ಗದರಲಿಲ್ಲ. ಎದುರಿಗೆ ಸಹಾಯಕಿ, ಮೆಂಬರು, ದೂರು ಕೊಟ್ಟ ತಾಯಿ ಮತ್ತು ನಾನು.

"ಪುಡಿ ಮುಟ್ಟಿದ್ದು ತಪ್ಪು. ಅದನ್ನ ನೀವೇ ಒಪ್ಪಿದ್ದೀರಿ," ಎಂದರು ಅಧಿಕಾರಿ. "ಆದ್ರೆ ಬಂದಿದ್ದು ನಲವತ್ತು ಜನ. ನಲವತ್ತು ಲೋಟಕ್ಕೆ ಇನ್ನೂರು ಗ್ರಾಂ ಪುಡಿ ಸಾಕು. ಮಿಕ್ಕಿದ್ದು ಎಲ್ಲಿಗೆ ಹೋತು?"

"ನೂರು ಅಂದ್ರು ಮೇಡಂ. ನೂರಕ್ಕೆ ಮಾಡಿದೆ. ಉಳಿದಿದ್ದು ಎರಡು ಸಲ ಕಾಸಿದ್ರೆ ಕಹಿ ಆಗ್ತೈತ್ರಿ. ಚೆಲ್ಲಿದೆ."

"ಜನ ಬಂದ ಮೇಲೆ ಎಣಿಸಿ ಮಾಡಾಕೆ ಆಗ್ತಿರಲಿಲ್ವಾ?"

"ಇರೋದು ಒಂದು ಒಲೆ, ನಾನೊಬ್ಬಾಕಿ. ಭಾಷಣ ಮುಗೀತಿದ್ದಂಗೆ ಟೀ ಬೇಕು ಅಂದಿದ್ರು."

ನಾನು ಎದ್ದು ನಿಂತೆ. ಪಾತ್ರೆ ಕಂಠದವರೆಗೆ ತುಂಬಿದ್ದನ್ನು ಕಂಡಿದ್ದೇನೆ ಎಂದೆ. ಏಳು ಲೀಟರ್ ಹಿಡಿಯುವ ಪಾತ್ರೆ ತುಂಬಬೇಕಾದರೆ ಮೂರು ಲೀಟರ್ ನೀರಿನ ಮೇಲೆ ನಾಲ್ಕು ಲೀಟರ್ ಹಾಲು ಬೀಳಲೇಬೇಕು, ಅಂದರೆ ಇಡೀ ಪೊಟ್ಟಣ ಪಾತ್ರೆಗೇ ಹೋಗಿದೆ ಎಂದು ವಿವರಿಸಿದೆ. ಅಂಗನವಾಡಿಯಲ್ಲೇ ಹಾಲಿಲ್ಲವೇ ಎಂದು ಮೆಂಬರು ಆಡಿದ ಮಾತನ್ನೂ ಆಡಿದಂತೆಯೇ ಹೇಳಿದೆ.

"ಅದು ತಮಾಷಿಗೆ ಅಂದಿದ್ದು ಸರ್, ನಿಮಗೂ ಗೊತ್ತೈತೆ," ಎಂದರು ಮೆಂಬರು. ಅವರ ದನಿಯಲ್ಲಿ ಕಪಟವಿರಲಿಲ್ಲ. ಅದೇ ನನ್ನನ್ನು ಹೆಚ್ಚು ಕುಗ್ಗಿಸಿತು. "ಟೀ ಮಾಡು ಅಂದೆ. ಮಕ್ಕಳ ಪುಡಿ ಹಾಕು ಅಂದೆನಾ?"

ಅಧಿಕಾರಿ ನನ್ನನ್ನು ಕೇಳಿದರು. "ಪಾತ್ರೆ ತುಂಬಿತ್ತು ಸರಿ. ನೀರೇ ಜಾಸ್ತಿ ಹಾಕಿದ್ರೂ ತುಂಬ್ತೈತಲ್ರಿ? ಚೆಲ್ಲಿದ್ದನ್ನ ನೀವು ಕಂಡ್ರಾ?"

"ಇಲ್ಲ."

ಅಲ್ಲಿಗೆ ನನ್ನ ವಾದ ಮುಗಿಯಿತು. ಕುಡಿದ ಚಹಾಕ್ಕೆ ನಲವತ್ತು ಸಾಕ್ಷಿಗಳಿದ್ದರು. ಚೆಲ್ಲಿದ ಚಹಾಕ್ಕೆ ಯಾರೂ ಇರಲಿಲ್ಲ. ಸಹಾಯಕಿ ತಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕುಳಿತಿದ್ದರು. ಕೆಲಸ ಹೋದರೆ ಒಂದು ಮಾತು. ಕಳ್ಳಿ ಎಂಬ ಹೆಸರಿನೊಡನೆ ಹೋದರೆ ಆ ಊರಲ್ಲಿ ಮತ್ತೊಂದು ಒಲೆಯ ಮುಂದೆ ಅವರನ್ನು ಯಾರೂ ಕೂರಿಸುತ್ತಿರಲಿಲ್ಲ.

"ನಾ ಕಂಡೀನ್ರಿ," ಎಂದಳು ಆ ತಾಯಿ.

ಎಲ್ಲರೂ ತಿರುಗಿದೆವು.

"ಸಭೆ ಮುಗಿದ ಮ್ಯಾಲೆ ಮಗಳನ್ನ ಕರಕೊಂಡು ಹೋಗಾಕೆ ಹಿಂದಕ್ಕೆ ಹೋಗಿದ್ದೆ. ಈಯಕ್ಕ ಪಾತ್ರೆ ಎತ್ತಿ ಚರಂಡಿಗೆ ಸುರೀತಿದ್ಲು. ಅರ್ಧಕ್ಕಿಂತ ಜಾಸ್ತಿ ಇತ್ರಿ. ಗಟ್ಟಿ ಟೀ, ನೀರಲ್ಲ. ಹಾಲು ಕುಡಿದ್ಯಾ ಅಂತ ಮಗಳನ್ನ ಕೇಳಿದೆ, ಇಲ್ಲ ಅಂತು. ಅದಕ್ಕೇ ನಂಗೆ ಹೊಟ್ಟಿ ಉರೀತು." ಅವಳು ನನ್ನ ಕಡೆ ನೋಡಿದಳು. "ಈ ಸರ್ರೇ ಅಂದ್ರಲ್ಲ, ಅದು ಕೂಸಿನ ಪಾಲು ಅಂತ. ನನ್ನ ಮಗಳ ಪಾಲು ಚರಂಡಿಗೆ ಹೋತು. ಈಯಕ್ಕನ ಮನೀಗೆ ಹೋಗಿಲ್ಲ."

ಅಧಿಕಾರಿ ಅವಳ ಮಾತನ್ನು ಬರೆಸಿಕೊಂಡರು. ಕಳವಿನ ಆರೋಪ ಬಿದ್ದುಹೋಯಿತು. ಆದರೆ ಅದೇ ಮಾತಿನಿಂದ, ಮಕ್ಕಳ ಆಹಾರ ಸಭೆಯ ಚಹಾಕ್ಕೆ ಬಳಕೆಯಾಗಿ ಅರ್ಧಕ್ಕೂ ಹೆಚ್ಚು ಚರಂಡಿ ಸೇರಿದ್ದೂ ಸಾಬೀತಾಯಿತು. ಸಹಾಯಕಿಯನ್ನು ಕೆಲಸದಿಂದ ತೆಗೆದರು. ನೂರು ಜನ ಎಂದವರಿಗೆ, ಹಾಲಿಲ್ಲದ ಚೀಲ ಕಳಿಸಿದವರಿಗೆ, ಲೋಟ ಹಿಡಿದು ನಕ್ಕವರಿಗೆ ಅನ್ವಯಿಸುವ ನಿಯಮ ಯಾವುದೂ ಇರಲಿಲ್ಲ. ನಾನು ಮೇಲ್ಮನವಿ ಬರೆದೆ, ಎರಡು ಬಾರಿ ಹೋಗಿ ಬಂದೆ. ನಿಯಮ ಸರಿಯಾಗಿಯೇ ಇದೆ ಎಂಬ ಉತ್ತರ ಬಂತು. ನಿಯಮ ಸರಿಯಾಗಿಯೇ ಇತ್ತು.

ವಿಚಾರಣೆಯ ಸಂಜೆ ಆ ಹಳ್ಳಿಯ ಕಡೆ ಹೋಗುವ ಆಟೋ ಒಂದೇ ಇತ್ತು. ಇಬ್ಬರು ಹೆಂಗಸರೂ ಅದರಲ್ಲೇ ಹೋಗಬೇಕಿತ್ತು. ಹತ್ತುವ ಮುನ್ನ ಆ ತಾಯಿ ಹೇಳಿದಳು: "ನಾ ನಿನ್ನ ಮ್ಯಾಲೆ ದೂರು ಹೇಳಿದ್ದಲ್ಲಕ್ಕ. ಹಾಲು ಸಿಗಲಿಲ್ಲ ಅಂತ ಹೇಳಿದ್ದು."

"ಮತ್ತ್ಯಾರ ಮ್ಯಾಲೆ ಬರ್ತಿತ್ತವ್ವ ಅದು?" ಎಂದರು ಸಹಾಯಕಿ. ಕೋಪದ ದನಿಯಲ್ಲ. ನಿಜವಾಗಿ ತಿಳಿಯಲೆಂದೇ ಕೇಳಿದಂತಿತ್ತು. ಆ ತಾಯಿ ಸರಿದು ಅವರಿಗೆ ಜಾಗ ಮಾಡಿಕೊಟ್ಟಳು. ಆಟೋ ಹೊರಟಿತು.

ಚರ್ಚಾಕೂಟದಲ್ಲಿ ಪ್ರತಿ ವಿಷಯಕ್ಕೂ ಎರಡು ಪಕ್ಷ ಇರುತ್ತವೆ ಎಂದು ಕಲಿತಿದ್ದೆ. ಆ ಕೋಣೆಯಲ್ಲಿ ತಾಯಿಯೂ ಸರಿ, ಅಧಿಕಾರಿಯೂ ಸರಿ. ಎಲ್ಲರೂ ಸರಿಯಾಗಿದ್ದು ಒಬ್ಬರು ಒಲೆ ಕಳೆದುಕೊಂಡರು. ಈಗ ಆಕೆ ಮೆಕ್ಕೆಜೋಳದ ಕೂಲಿಗೆ ಹೋಗುತ್ತಾರೆ. ಮೊನ್ನೆ ಅದೇ ಊರಿನಿಂದ ನನಗೆ ಮತ್ತೊಂದು ಸಭೆಯ ಕರೆ ಬಂತು. ಊಟ ಇಲ್ಲ, ಚಹಾದ ವ್ಯವಸ್ಥೆ ಅಂಗನವಾಡಿಯಲ್ಲೇ ಇದೆ ಎಂದರು. ಹೊಸ ಸಹಾಯಕಿ ಯಾರೆಂದು ನಾನು ಕೇಳಲಿಲ್ಲ. ಹಾಲು ಯಾರು ತರುತ್ತಾರೆ ಎಂದು ಕೇಳಿದೆ. "ಅದು ಅಲ್ಲೇ ಆಗ್ತೈತೆ ಬಿಡ್ರಿ ಸರ್," ಎಂದರು.

ಓದುಗರಲ್ಲಿ ನನ್ನ ಬೇಡಿಕೆ ಇಷ್ಟೆ. ಅಂಗನವಾಡಿಯಲ್ಲೋ ಶಾಲೆಯಲ್ಲೋ ನೀವು ಸಭೆ ಕರೆದರೆ ಚಹಾ ಪುಡಿ, ಸಕ್ಕರೆಯ ಜೊತೆಗೆ ಹಾಲನ್ನೂ ನೀವೇ ತನ್ನಿ. ತರಲಾಗದಿದ್ದರೆ ನೀರು ಕೊಟ್ಟು ಕಳಿಸಿ. ನೀವು ಅತಿಥಿಯಾಗಿ ಹೋದರೆ, ಲೋಟ ಬಾಯಿಗೆ ಇಡುವ ಮೊದಲು, ಹಾಲು ಎಲ್ಲಿಂದ ಬಂತು ಎಂದು ಕೇಳಿ. ಚಹಾ ಕಾಸಿದವರನ್ನಲ್ಲ, ಸಭೆ ಕರೆದವರನ್ನು ಕೇಳಿ.