ಶ್ಯಾವಿಗೆ ಯಂತ್ರ ವಾಪಸಾದ ಬೇಸಿಗೆ

ಬೆಳಗಾವಿ ಹತ್ತಿರದ ಮಚ್ಛೆ ಊರಿನ ಆ ಸಣ್ಣ ಕಾರ್ಖಾನೆಯಲ್ಲಿ ನನ್ನನ್ನು ಟೈಪಿಸ್ಟ್ ಎಂದು ತೆಗೆದುಕೊಂಡಿದ್ದರು. ಟೈಪ್ ಮಾಡುವುದು ಅರ್ಧ ದಿನದ ಕೆಲಸ. ಉಳಿದ ಅರ್ಧ ದಿನ, ಯಂತ್ರ ಕೆಟ್ಟಿತೆಂದು ಬಂದವರನ್ನು ಎದುರಿಗೆ ಕೂರಿಸಿಕೊಂಡು ಸಮಾಧಾನ ಮಾಡುವುದು. ಹೆಣ್ಣುಮಗಳು ಕೂತಿದ್ದರೆ ಜನ ಬಯ್ಯುವುದಿಲ್ಲ ಎಂದು ಮಾಲೀಕರ ಲೆಕ್ಕಾಚಾರ. ಎಂಬತ್ತರ ದಶಕದ ಆರಂಭ. ಬೆಳಗಾವಿಯಿಂದ ದಿನಾ ಬಸ್ಸಿನಲ್ಲಿ ನಿಂತು ಹೋಗಿ ಬರುತ್ತಿದ್ದೆ. ಮಾಲೀಕರು ಕೆಟ್ಟವರಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ನಾನೂ ಹೇಳುತ್ತಿದ್ದೆ. ಅವರು ಯಾರೊಂದಿಗೂ ಏರುದನಿಯಲ್ಲಿ ಮಾತಾಡಿದವರಲ್ಲ, ಬಂದವರಿಗೆಲ್ಲ ಚಹಾ ತರಿಸುತ್ತಿದ್ದರು. ಇಷ್ಟು ವರ್ಷಗಳ ಮೇಲೂ ಆ ಚಹಾ ನೆನೆದರೆ ನನಗೆ ಮೈ ಉರಿಯುತ್ತದೆ.

ನಮ್ಮಲ್ಲಿ ಶ್ಯಾವಿಗೆ ಒತ್ತುವ ಯಂತ್ರ ತಯಾರಾಗುತ್ತಿತ್ತು. ಬೀಡಿನ ಕಬ್ಬಿಣದ ಕೊಳವೆ, ಅದರೊಳಗೆ ತಿರುಗುವ ದೊಡ್ಡ ಸ್ಕ್ರೂ, ಬಾಯಿಗೆ ಹಿತ್ತಾಳೆಯ ಜಾಳಿಗೆ, ಪಕ್ಕದಲ್ಲಿ ಸಣ್ಣ ಮೋಟಾರು. ನಾದಿದ ಹಿಟ್ಟು ಹಾಕಿದರೆ ಎಳೆ ಎಳೆಯಾಗಿ ಶ್ಯಾವಿಗೆ ಬೀಳುತ್ತದೆ. ಬೇಸಿಗೆ ಬಂತೆಂದರೆ ಹೆಂಗಸರು ಹಿಟ್ಟಿನ ಬುಟ್ಟಿ ಹೊತ್ತು ಯಂತ್ರವಿದ್ದ ಮನೆಯ ಮುಂದೆ ಪಾಳಿ ಹಚ್ಚುತ್ತಾರೆ. ಆದರೆ ಈ ದುಡಿಮೆಯೆಲ್ಲ ಬಿಸಿಲು ಇರುವ ತನಕ. ಖಾನಾಪುರದಂಥ ಊರಲ್ಲಿ ಮಳೆ ಹಿಡಿಯಿತೆಂದರೆ ಒಣಗಿಸಲು ಜಾಗವಿಲ್ಲ, ಶ್ಯಾವಿಗೆಯೂ ಇಲ್ಲ.

ಯುಗಾದಿ ಮುಗಿದ ವಾರ ಖಾನಾಪುರದಿಂದ ಒಬ್ಬಾಕೆ ಬಂದಳು. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳು, ಹಣೆಯಲ್ಲಿ ವಿಭೂತಿ, ಬರಿ ಕೈ. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಕೈಯಲ್ಲಿದ್ದ ಬಂಗಾರದ ಪಾಟಲಿ ಮಾರಿ ನಮ್ಮ ಯಂತ್ರ ಕೊಂಡಿದ್ದಳು. ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಶ್ಯಾವಿಗೆಯನ್ನು ನನ್ನ ಮೇಜಿನ ಮೇಲೆ ಹಾಕಿದಳು. ಬೂದಿ ಬಣ್ಣ ಇತ್ತು. ಬೆರಳಿನಿಂದ ತಿಕ್ಕಿದರೆ ಕಪ್ಪು ಹತ್ತುತ್ತಿತ್ತು.

"ಇದನ್ನ ದನಾನೂ ಮೂಸಂಗಿಲ್ರಿ ಬಾಯಾರ," ಎಂದಳು. "ಮೊದಲನೇ ದಿನ ಬಂದ ಮಂದೀಗೆ ನನ್ನ ಮನಿ ಹಿಟ್ಟು ಅಳದು ಕೊಟ್ಟು ಕಳಿಸೇನಿ. ಈ ಬ್ಯಾಸಗಿ ನಾ ನಾಕು ದುಡ್ಡು ದುಡದು ತೋರಸಲಿಲ್ಲಂದ್ರ ನಮ್ಮ ಭಾವ ನನ್ನ ಅಡಗಿ ಮನಿಗೆ ಹಚ್ಚತಾನ, ಮುಗೀತು ನನ್ನ ಕತಿ."

ಮಾಲೀಕರು ಹೊರಗೆ ಬಂದು ಒಂದು ಎಳೆ ಮುರಿದು ನೋಡಿದರು. ವಾದ ಮಾಡಲಿಲ್ಲ.

"ಸ್ಕ್ರೂ ಒಳಗ ಕೊಳವಿಗೆ ತಿಕ್ಕಾಕತ್ತೇತಿ. ನಮ್ಮದ ತಪ್ಪು," ಎಂದರು. "ಬದಲಿ ಕೊಡಾಕ ಈ ಸೀಜನ್ನಿಗೆ ಮಷಿನ್ ಉಳದಿಲ್ರಿ ಅಕ್ಕಾರ. ವಾಪಸ್ ಕಳಸ್ರಿ, ರೊಕ್ಕ ಕೊಡತೇವಿ."

ಆಕೆಯ ಮುಖ ಅರಳಿತು. ಪೇಟೆಯಲ್ಲಿ ಇನ್ನೊಬ್ಬರು ಮಾಡುವ ಯಂತ್ರ ಸಿಗುತ್ತದೆ, ನೋಡಿಕೊಂಡು ಬಂದಿದ್ದೇನೆ ಎಂದಳು. ನಾಳೆಯೇ ಬಸ್ಸಿನ ಮೇಲೆ ಹೇರಿಕೊಂಡು ತರುತ್ತೇನೆ ಎಂದಳು. ಖಾನಾಪುರವೆಂದರೆ ಎಷ್ಟು ದೂರ, ಬಸ್ಸಿನಲ್ಲಿ ಒಂದು ನಿದ್ದೆ ತೆಗೆಯುವುದರೊಳಗೆ ಬರುತ್ತದೆ. ಮಾಲೀಕರು ಒಪ್ಪಲಿಲ್ಲ. ದಾರಿಯಲ್ಲಿ ಬಿದ್ದು ಒಡೆದರೆ ಯಾರು ಹೊಣೆ, ಲಾರಿ ಟ್ರಾನ್ಸ್‌ಪೋರ್ಟಿನಲ್ಲೇ ಬರಬೇಕು, ಸುಸ್ಥಿತಿಯಲ್ಲಿ ಪಡೆದೆವು ಎಂಬ ಅವರ ರಸೀದಿ ಇರಬೇಕು ಎಂದರು. "ಬಾಯಾರ, ಎಲ್ಲಾ ತಿಳಿಸಿ ಹೇಳ್ರಿ," ಎಂದು ನನಗೆ ಒಪ್ಪಿಸಿ ಒಳಗೆ ಹೋದರು.

ನಾನು ತಿಳಿಸಿ ಹೇಳಿದೆ. ಆ ವಿಷಯದಲ್ಲಿ ನನ್ನತ್ತ ಯಾರೂ ಬೆರಳು ತೋರಿಸುವಂತಿಲ್ಲ. ಮೊದಲು ವಾಪಸಾತಿಯ ಅನುಮತಿ ಪತ್ರ ಟೈಪ್ ಮಾಡಿ, ಅದಕ್ಕೊಂದು ನಂಬರು ಹಾಕಿ, ಮಾಲೀಕರ ಸಹಿ ಮಾಡಿಸಿ ಕೊಟ್ಟೆ. ಪತ್ರ ಮಾಡುವಾಗ ಬಿಲ್ಲು ನೋಡಿದೆ. ಬಿಲ್ಲು ಅವಳ ಭಾವನ, ಎಂದರೆ ಗಂಡನ ಅಣ್ಣನ, ಹೆಸರಿನಲ್ಲಿತ್ತು. ಕೊಳ್ಳುವ ದಿನ ಆತ ಜೊತೆಗೆ ಬಂದಿದ್ದ. ನಮ್ಮ ಮಾರಾಟದ ಗುಮಾಸ್ತ ಮನೆಯ ಗಂಡಸರ ಹೆಸರು ಕೇಳಿದ್ದ. ಆತ ತನ್ನದು ಹೇಳಿದ್ದ. ದುಡ್ಡು ಎಣಿಸಿ ಕೊಟ್ಟವಳು ಪಕ್ಕದಲ್ಲೇ ನಿಂತಿದ್ದಳು! ನಾನು ಒಳಗೆ ಹೋಗಿ ಇದನ್ನು ಹೇಳಿದೆ. "ಅದನ್ನ ಕೊನೀಗೆ ನೋಡೂಣು," ಎಂದರು ಮಾಲೀಕರು.

ಹೊರಗೆ ಬಂದು ಕಟ್ಟುವ ರೀತಿ ಹೇಳಿದೆ. ಕೊಳವೆಯೊಳಗೆ ಹಿಟ್ಟು ಉಳಿಯದಂತೆ ತೊಳೆದು, ಬಿಸಿಲಿಗಿಟ್ಟು ಒಣಗಿಸಿ, ತುಕ್ಕು ಹಿಡಿಯದಂತೆ ಮಷಿನ್ ಎಣ್ಣೆಯ ಕೈ ಆಡಿಸಬೇಕು. ಜಾಳಿಗೆಯನ್ನೂ ಮೋಟಾರನ್ನೂ ಬಿಚ್ಚಿ ಬೇರೆ ಬೇರೆ ಗೋಣಿಯಲ್ಲಿ ಸುತ್ತಬೇಕು. ಬಂದ ಕಟ್ಟಿಗೆ ಪೆಟ್ಟಿಗೆಯಲ್ಲೇ ಇಟ್ಟು, ಅಲುಗಾಡದ ಹಾಗೆ ಸುತ್ತ ಭತ್ತದ ಹುಲ್ಲು ತುರುಕಿ, ಅನುಮತಿ ಪತ್ರದ ಒಂದು ಪ್ರತಿ ಒಳಗಿಟ್ಟು ಮೊಳೆ ಹೊಡೆಯಬೇಕು. ಪೆಟ್ಟಿಗೆಯ ಮೇಲೆ ನಂಬರು ದೊಡ್ಡದಾಗಿ ಬರೆಯಬೇಕು. ಲಾರಿ ಬಾಡಿಗೆ ಅಲ್ಲೇ ಕಟ್ಟಿದರೆ ಆಮೇಲೆ ರೊಕ್ಕದ ಜೊತೆ ನಾವು ಸೇರಿಸಿ ಕೊಡುತ್ತೇವೆ. ಲಾರಿಯವರು ಕೊಡುವ ರಸೀದಿಯನ್ನು ರಜಿಸ್ಟರ್ ಪೋಸ್ಟಿನಲ್ಲಿ ನಮಗೆ ಕಳಿಸಬೇಕು. ಅದನ್ನು ತೋರಿಸಿದರೇ ಗೋದಾಮಿನವರು ನಮಗೆ ಮಾಲು ಬಿಡುವುದು. ಮಾಲು ಬಂದ ಮೇಲೆ ಫಿಟರ್ ಬಿಚ್ಚಿ ನೋಡಿ ವರದಿ ಬರೆಯುತ್ತಾನೆ. ವರದಿಯಾದ ಹದಿನೈದು ದಿನದೊಳಗೆ ಚೆಕ್.

"ನೀವು ಕಳಿಸಿದ ದಿನದಿಂದ ಅಲ್ರಿ, ವರದಿ ಆದ ದಿನದಿಂದ," ಎಂದು ಎರಡು ಸಲ ಹೇಳಿದೆ. ಆಕೆ ಬೆರಳು ಮಡಚಿ ಲೆಕ್ಕ ಹಾಕಿ, ಮಳೆಗೆ ಮೊದಲು ದುಡಿಯಲು ಒಂದು ತಿಂಗಳಾದರೂ ಕೈಗೆ ಸಿಗುತ್ತದೆ ಎಂದು ಎದ್ದಳು.

ಟ್ರಾನ್ಸ್‌ಪೋರ್ಟಿನ ಗೋದಾಮಿನಿಂದ ವಾರದಲ್ಲೇ ಫೋನ್ ಬಂತು. ಪೆಟ್ಟಿಗೆ ಬಂದಿದೆ, ಬಿಡಿಸಿಕೊಳ್ಳಿ. ರಸೀದಿ ಮಾತ್ರ ಬರಲಿಲ್ಲ. ಒಂದು ಕಾರ್ಡು ಬರೆದೆ, ಉತ್ತರವಿಲ್ಲ. ಇನ್ನೊಂದು ಬರೆದೆ. ರಸೀದಿ ಇಲ್ಲದಿದ್ದರೂ ಬಾಂಡ್ ಪೇಪರಿನ ಮೇಲೆ ಬರೆದುಕೊಟ್ಟು ಮಾಲು ಬಿಡಿಸಬಹುದಿತ್ತು. ಬೇರೆ ಮಾಲಿಗೆ ನಮ್ಮ ಮಾಲೀಕರೇ ಹಾಗೆ ಮಾಡಿದ್ದನ್ನು ನಾನೇ ಟೈಪ್ ಮಾಡಿದ್ದೆ. ಅದನ್ನು ನೆನಪಿಸಿದೆ.

"ಅದು ನಮಗ ಬೇಕಾಗಿದ್ದ ಮಾಲು, ನಮ್ಮ ಗರಜು ಇತ್ತು, ಬಾಯಾರ," ಎಂದು ನಕ್ಕರು. "ಇದು ಅವರ ಗರಜು."

ಗೋದಾಮಿನ ಬಾಡಿಗೆ ಏರುತ್ತಿತ್ತು. ವರದಿ ಆಗದೆ ಹದಿನೈದು ದಿನ ಶುರುವಾಗುವುದಿಲ್ಲ. ಬಿಸಿಲು ಮಾತ್ರ ಯಾರ ವರದಿಗೂ ಕಾಯದೆ ಹೋಗುತ್ತಿತ್ತು. ನನಗೆ ತಡೆಯಲಾಗಲಿಲ್ಲ. ರವಿವಾರ ಬೆಳಿಗ್ಗೆಯ ಗಾಡಿಗೆ ಖಾನಾಪುರಕ್ಕೆ ಹೋದೆ.

ಆಕೆ ಮನೆಯಲ್ಲಿ ಭಾವನ ಮಕ್ಕಳ ಅರಿವೆ ಒಗೆಯುತ್ತಿದ್ದಳು. ನನ್ನನ್ನು ಕಂಡು ಗಾಬರಿಯಾದಳು. ರಸೀದಿ ಎಲ್ಲಿ ಎಂದೆ. ಕುಪ್ಪಸದೊಳಗಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದನ್ನು ತೆಗೆದಳು. ಬೆವರಿಗೆ ಅಂಚು ಮೆತ್ತಗಾಗಿತ್ತು.

"ಕಳಸಬೇಕಂತ ಎರಡು ಸಲ ಪೋಸ್ಟಿನ ತನಕಾ ಹೋಗಿನ್ರಿ," ಎಂದಳು. "ಕೈ ಬರಲಿಲ್ಲ. ನಮ್ಮವರು ಹೋದ ಮ್ಯಾಲೆ ಮನಿ ಕಾಗದ ಕಚೇರ್ಯಾಗ ತೋರಿಸಿ ತರತೇನಂತ ಭಾವ ಇಸ್ಕೊಂಡ. ಇನ್ನೂ ತೋರಸಾಕತ್ತಾನ. ಮಷಿನ್ನೂ ಹೋತು, ಈ ಚೀಟೀನೂ ಹೋತಂದ್ರ ನನ್ನ ಕಡೆ ಏನ್ ಉಳೀತು ಹೇಳ್ರಿ? ರೊಕ್ಕ ಬರಲಿ, ಆವಾಗ ಕೊಡೂಣು ಅಂತ ಇಟಗೊಂಡಿದ್ದೆ."

ಅವಳ ಮಾತಿನಲ್ಲಿ ತಪ್ಪು ಎಲ್ಲಿತ್ತು? ನಮ್ಮ ನಿಯಮ ಅವಳಿಂದ ಕೇಳಿದ್ದೂ ಕೈಯಲ್ಲಿದ್ದ ಕಾಗದವನ್ನೇ; ಒಮ್ಮೆ ಹಾಗೆ ಕಾಗದ ಕೊಟ್ಟೇ ಅವಳು ಮನೆ ಕಳೆದುಕೊಂಡಿದ್ದಳು. ಆ ಕಾಗದ ಹಿಡಿದುಕೊಂಡಷ್ಟು ದಿನ ದುಡ್ಡು ಇನ್ನೂ ತಡ ಎಂದು ಬಿಡಿಸಿ ಹೇಳಿದೆ. ಬಿಲ್ಲು ಭಾವನ ಹೆಸರಿನಲ್ಲಿದೆ, ಚೆಕ್ಕೂ ಅದೇ ಹೆಸರಿಗೆ ಹೋಗಬಹುದು ಎಂದೂ ಹೇಳಿದೆ. ಆಕೆ ರಸೀದಿಯನ್ನು ಮತ್ತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತತೊಡಗಿದಳು.

ಅಷ್ಟರಲ್ಲಿ ಭಾವ ಹೊರಗೆ ಬಂದ. ಬಿಳಿ ಧೋತರ, ಮೆತ್ತನೆಯ ಮಾತು. ಚೆಕ್ ಆಕೆಯ ಹೆಸರಿಗೆ ಕೊಡಲು ನನ್ನ ತಕರಾರಿಲ್ಲ ಎಂದು ಒಂದು ಸಾಲು ಬರೆದು ಸಹಿ ಮಾಡಿ ಎಂದು ಕೇಳಿದೆ.

"ಅದಕ್ಯಾಕ ಬರಿಯೂದು ಬಾಯಾರ? ನಾ ಏನ್ ಪರಕಿ ಮಂದಿ ಅದೇನೇನು? ಚೆಕ್ ಬಂದ ದಿನಾನ ಆಕೀ ಕೈಯಾಗ ಇಡತೇನಿ. ಕುಂದರ್ರಿ, ಚಹಾ ಕುಡೀರಿ."

ಅಲ್ಲಿಯೂ ಚಹಾ. ನಾನು ಕುಡಿಯಲಿಲ್ಲ. ಆಕೆ ಹೊಸ್ತಿಲ ತನಕ ಬಂದು ರಸೀದಿಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. "ಪೋಸ್ಟಿನವಗಲ್ಲ, ನಿಮಗ ಕೊಟ್ಟೇನ್ರಿ," ಎಂದಳು.

ಮಾರನೆಯ ದಿನವೇ ಪೆಟ್ಟಿಗೆ ಬಿಡಿಸಿ ತಂದರು. ಎಷ್ಟು ಚೆಂದ ಕಟ್ಟಿದ್ದಳೆಂದರೆ, ಹೇಳಿದ್ದರಲ್ಲಿ ಒಂದನ್ನೂ ಬಿಟ್ಟಿರಲಿಲ್ಲ. ಕೊಳವೆಯೊಳಗೆ ಹಿಟ್ಟಿನ ಕಣವಿಲ್ಲ, ತುಕ್ಕಿಲ್ಲ, ಹುಲ್ಲು ಕೂಡ ಹೊಸದು. ಫಿಟರ್ ಮಧ್ಯಾಹ್ನದೊಳಗೆ ವರದಿ ಬರೆದ: ಕೊಳವೆ ಕೊರೆದದ್ದು ಓರೆ, ದೋಷ ತಯಾರಿಕೆಯದು. ಮಾಲೀಕರು ಮೊದಲ ದಿನ ಬಾಯಿಂದ ಹೇಳಿದ್ದನ್ನು ಈಗ ಕಾಗದದ ಮೇಲೆ ಓದಿದರು. ಅಂದೇ ಚೆಕ್ ಬರೆಯಬಹುದಿತ್ತು. ಹದಿನೈದು ದಿನದೊಳಗೆ ಎಂಬುದನ್ನು ಅವರು ಹದಿನೈದನೆಯ ದಿನ ಎಂದೇ ಓದುತ್ತಿದ್ದರು.

ಚೆಕ್ ಟೈಪ್ ಮಾಡುವ ದಿನ ಮತ್ತೆ ಒಳಗೆ ಹೋದೆ. ಪಾಟಲಿ ಮಾರಿದವಳು ಆಕೆ, ಬಾಡಿಗೆ ಕಟ್ಟಿದವಳು ಆಕೆ, ಆಕೆಯ ಹೆಸರು ಹಾಕೋಣ ಎಂದೆ.

"ಬಿಲ್ ಯಾರ ಹೆಸರಿಲೆ ಐತಿ, ರೊಕ್ಕ ಅವರಿಗೆ. ನಾಳೆ ಅಂವ ಬಂದು ನನ್ನ ರೊಕ್ಕ ಎಲ್ಲಿ ಅಂದ್ರ ನೀವು ಕೊಡತೀರೇನು?" ಎಂದರು, ಅದೇ ಮೆತ್ತನೆಯ ದನಿಯಲ್ಲಿ. ಲಾರಿ ಬಾಡಿಗೆ ಸೇರಿಸಿದರು, ಗೋದಾಮಿನ ಬಾಡಿಗೆ ಕಳೆದರು. ಎರಡೂ ನಿಯಮದ ಪ್ರಕಾರ. ಭಾವನ ಹೆಸರನ್ನು ನಾನೇ ಟೈಪ್ ಮಾಡಿದೆ. ನನಗೆ ಪಾಪಪ್ರಜ್ಞೆ ಇಲ್ಲ, ಯಾರೂ ನನ್ನನ್ನು ಸಮಾಧಾನ ಮಾಡುವುದು ಬೇಕಿಲ್ಲ. ನನಗೆ ಇರುವುದು ಸಿಟ್ಟು. ಒಬ್ಬ ಕಳ್ಳ ಕದ್ದಿದ್ದರೆ ಪೊಲೀಸರಿಗಾದರೂ ಹೇಳಬಹುದಿತ್ತು.

ಆಕೆ ಬಂದದ್ದು ಮಳೆ ಹಿಡಿದ ಮೇಲೆ. ಸೀರೆಯ ಅಂಚಿನಿಂದ ನೀರು ಇಳಿಯುತ್ತಿತ್ತು. ಚೆಕ್ ಹೋಗಿ ಮುಟ್ಟಿ, ಭಾವನ ಖಾತೆಯಲ್ಲಿ ಜಮೆಯೂ ಆಗಿತ್ತು. ಕೇಳಿದ್ದಕ್ಕೆ, ಮನೆ ಖರ್ಚಿಗೆ ಆಯಿತು, ನೀನೂ ಇದೇ ಮನೆಯಲ್ಲಿ ಉಣ್ಣುತ್ತೀಯಲ್ಲ ಎಂದನಂತೆ. ಆಕೆ ಅಳಲಿಲ್ಲ. ಎದುರಿನ ಕುರ್ಚಿಯಲ್ಲಿ ಕೂತು, ಕಾರ್ಖಾನೆಗೆಲ್ಲ ಕೇಳುವಂತೆ ಮಾತಾಡಿದಳು.

"ಹೆಂಗ ತೊಳೀಬೇಕು, ಹೆಂಗ ಕಟ್ಟಬೇಕು, ಹೆಂಗ ಕಳಸಬೇಕು, ಎಲ್ಲಾ ಹೇಳಿ ಕೊಟ್ರಿ ಬಾಯಾರ. ಹೇಳಿದಂಗ ಮಾಡೇನಿ. ಈಗ ಅಂವನ ಕಡಿಂದ ಇಸ್ಕೊಳ್ಳೂದು ಹೆಂಗ, ಅದನ್ನೂ ಒಂದೊಂದ ಬಿಡಿಸಿ ಹೇಳ್ರಿ. ಅದನ್ನೂ ಹಂಗ ಮಾಡತೇನಿ."

ಒಳಗಿನಿಂದ ಮಾಲೀಕರು ಎದ್ದು ಬಂದು, ಪಾಪ ತೊಯ್ದಾರ, ಚಹಾ ತರಿಸ್ರಿ ಎಂದರು. ಆಕೆ ಅವರ ಕಡೆಗೆ ತಿರುಗಲಿಲ್ಲ. ಚಹಾ ಬರುವ ತನಕವೂ ನನ್ನ ಮುಖವನ್ನೇ ನೋಡುತ್ತ, ಉತ್ತರಕ್ಕೆ ಕಾಯುತ್ತ ಕೂತಿದ್ದಳು.